ಕಛೇರಿಯ ವಿಡಿಯೊ ಕೇಳಿ ಕೃತಿಯ ಸ್ವರಗಳನ್ನು ಬರೆಯುವ ಕ್ರಮ

ಕಛೇರಿಯ ವಿಡಿಯೊ ಕೇಳಿ ಸ್ವರಲಿಪಿ ಬರೆಯಲು ಹೊರಟವರ ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ ಬಗೆಯ ತೊಡಕು. ಪಲ್ಲವಿಯ ಮೊದಲ ಅಕ್ಷರದಿಂದಲೇ ಟ್ಯೂನರ್ ಆಪ್ ಹಿಡಿದು ಸ್ವರ ಬರೆಯತೊಡಗುತ್ತಾರೆ. ಎರಡನೆಯ ಆವರ್ತದ ಹೊತ್ತಿಗೆ ತಾಳದ ಲೆಕ್ಕ ತಪ್ಪಿರುತ್ತದೆ, ಒಂದು ಗಾಂಧಾರ ಇರಬೇಕಾದ ಕಡೆ 'ರಿ ಮ ರಿ ಮ' ಎಂದು ನಾಲ್ಕು ಸ್ವರಗಳು ತುಂಬಿರುತ್ತವೆ, ಬರೆದದ್ದನ್ನು ಹಾಡಿದರೆ ಕೃತಿಯ ಗುರುತು ಸಿಗುವುದಿಲ್ಲ. ಇದಕ್ಕೆ ಕಿವಿಯ ದೋಷ ಕಾರಣವಲ್ಲ, ಕೆಲಸದ ಕ್ರಮ ಕಾರಣ. ಶ್ರುತಿ, ತಾಳ, ಸಾಹಿತ್ಯ ಈ ಮೂರನ್ನೂ ಹಾಳೆಯ ಮೇಲೆ ನಿಲ್ಲಿಸುವವರೆಗೆ ಒಂದು ಸ್ವರವನ್ನೂ ಬರೆಯಬಾರದು.

ಇನ್ನೊಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ನಾದ ಯಾವ ಕ್ಷಣದಲ್ಲಿ ಎಲ್ಲಿತ್ತು ಎಂಬುದನ್ನು ಯಂತ್ರ ತೋರಿಸುತ್ತದೆ. ಸ್ವರಲಿಪಿಯಲ್ಲಿ ಬರೆಯುವುದು, ಅದೇ ಜಾಗವನ್ನು ಸ್ವರ ಹೇಳಿ ಹಾಡು ಎಂದರೆ ಗಾಯಕರು ಯಾವ ಹೆಸರು ಹೇಳುತ್ತಾರೋ ಅದನ್ನು. ಈ ಎರಡೂ ಅನೇಕ ಕಡೆ ಒಂದೇ ಆಗಿರುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಅಂತರವನ್ನು ದಾಟುವುದಕ್ಕಾಗಿಯೇ ಇವೆ.

## ಶುರುಮಾಡುವ ಮುನ್ನ

ಸರಳೆ, ಜಂಟಿ, ಅಲಂಕಾರಗಳನ್ನು ತಾಳ ಹಾಕಿಕೊಂಡು ಹಾಡಬಲ್ಲವರು, ಬರೆಯಲಿರುವ ರಾಗದ ಆರೋಹಣ ಅವರೋಹಣಗಳನ್ನು ಶ್ರುತಿಗೆ ಸೇರಿಸಿ ಹಾಡಬಲ್ಲವರು ಈ ಕೆಲಸಕ್ಕೆ ಕೈ ಹಾಕಬಹುದು. ಉಪಕರಣಗಳು ಹೆಚ್ಚೇನೂ ಬೇಡ: ಕಿವಿ ಮುಚ್ಚುವಂಥ ಹೆಡ್‌ಫೋನ್, ಶ್ರುತಿಯನ್ನು ಸೂಕ್ಷ್ಮವಾಗಿ ಏರಿಸಿ ಇಳಿಸಲು ಬರುವ ತಂಬೂರಿ ಆಪ್, ಗೆರೆ ಎಳೆದ ಹಾಳೆ, ಪೆನ್ಸಿಲ್, ಅಳಿಸುವ ರಬ್ಬರ್. ಕಂಪ್ಯೂಟರಿನಲ್ಲಿ ಆಡಾಸಿಟಿ ಮತ್ತು ಸಾನಿಕ್ ವಿಶುವಲೈಸರ್ ಎಂಬ ಎರಡು ಉಚಿತ ತಂತ್ರಾಂಶಗಳು ಸಾಕು. ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ದರೆ ಶ್ರುತಿ ಹುಡುಕಲು ನೆರವಾಗುತ್ತದೆ. ಆದರೆ ಗಮಕಗಳನ್ನು ಅದರ ಮೇಲೆ ಪರೀಕ್ಷಿಸಲು ಹೋಗಬಾರದು, ಏಕೆಂದರೆ ಎರಡು ಮನೆಗಳ ನಡುವಿನ ನಾದ ಅದರಲ್ಲಿ ಹುಟ್ಟುವುದಿಲ್ಲ.

ಮೊದಲ ಪ್ರಯತ್ನವನ್ನೇ ಕಛೇರಿಯ ಕೃತಿಯ ಮೇಲೆ ಮಾಡಬೇಡಿ. ಮಲಹರಿಯ ಪಿಳ್ಳಾರಿ ಗೀತೆ 'ಶ್ರೀ ಗಣನಾಥ'ವನ್ನು ಯಾರಾದರೂ ಹಾಡಿದ ಧ್ವನಿಮುದ್ರಣ ತೆಗೆದುಕೊಂಡು, ಪುಸ್ತಕ ಮುಚ್ಚಿಟ್ಟು, ಕೆಳಗಿನ ಹಂತಗಳಂತೆಯೇ ಬರೆಯಿರಿ. ರೂಪಕ ತಾಳದಲ್ಲಿ 'ಮ ಪ | ದ ಸ ಸ ರಿ' ಎಂದು ಹೊರಡುವ ಆ ಗೀತೆಯ ಸ್ವರ ನಿಮಗೆ ಬಾಯಿಪಾಠವಿದ್ದರೂ, ಕೇಳಿ ಬರೆದದ್ದು ಅದಕ್ಕೆ ಹೊಂದುತ್ತದೆಯೇ ಎಂದು ನೋಡಿದರೆ ಎಲ್ಲಿ ಎಡವುತ್ತೀರಿ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

## ಹಂತ 1: ಧ್ವನಿಯನ್ನು ಬೇರ್ಪಡಿಸಿ, ಭಾಗಗಳನ್ನು ಗುರುತಿಸುವುದು

ಎರಡು ಗಂಟೆಯ ವಿಡಿಯೊವನ್ನು ಹಿಂದೆ ಮುಂದೆ ಎಳೆಯುತ್ತಾ ಬರೆಯಲಾಗುವುದಿಲ್ಲ. ಅಭ್ಯಾಸಕ್ಕೆ ಬಳಸಲು ಅನುಮತಿಯಿರುವ ಫೈಲು ನಿಮ್ಮಲ್ಲಿದ್ದರೆ, ಬೇಕಾದ ಕೃತಿಯ ಧ್ವನಿಯನ್ನಷ್ಟೇ ಹೊರತೆಗೆಯಿರಿ. ಕೃತಿ 42ನೆಯ ನಿಮಿಷದಲ್ಲಿ ಶುರುವಾಗಿ ಒಂಬತ್ತು ನಿಮಿಷ ನಡೆಯುತ್ತದೆ ಎಂದುಕೊಂಡರೆ ಆಜ್ಞೆ ಹೀಗಿರುತ್ತದೆ:

```
ffmpeg -i kacheri.mp4 -ss 00:42:00 -t 00:09:00 -vn kriti.wav
```

ಸ್ಟೀರಿಯೊ ಧ್ವನಿಯನ್ನು ಈ ಹಂತದಲ್ಲಿ ಒಂದೇ ವಾಹಿನಿಗೆ ಬೆರೆಸಬೇಡಿ. ಕೆಲವು ಕಛೇರಿಗಳ ಮುದ್ರಣದಲ್ಲಿ ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ವಾಲಿರುತ್ತವೆ. ಆಗ ಪಿಟೀಲು ಕಡಿಮೆ ಇರುವ ಬದಿಯನ್ನು ಮಾತ್ರ ಕೇಳಿದರೆ ಗಾಯನ ಎಷ್ಟೋ ತಿಳಿಯಾಗುತ್ತದೆ.

ಮುಂದೆ ಇಡೀ ಕೃತಿಯನ್ನು ನಿಲ್ಲಿಸದೆ ಒಮ್ಮೆ ಕೇಳಿ, ಪಲ್ಲವಿ, ಅನುಪಲ್ಲವಿ, ಚರಣ, ನೆರವಲ್, ಕಲ್ಪನಾಸ್ವರ ಎಲ್ಲೆಲ್ಲಿ ಶುರುವಾಗುತ್ತವೆ ಎಂದು ಸಮಯ ಬರೆದುಕೊಳ್ಳಿ. ನೆರವಲನ್ನು ಕೃತಿಯ ಭಾಗವೆಂದು ತಿಳಿದು ಬರೆದು ದಣಿಯುವವರು ಬಹಳ ಮಂದಿ. ಸಾಹಿತ್ಯದ ಒಂದೇ ಸಾಲು ತಾಳದ ಅದೇ ಜಾಗದಿಂದ ಹೊರಟು, ಪ್ರತಿ ಬಾರಿಯೂ ಬೇರೆ ಬೇರೆ ದಾರಿ ಹಿಡಿಯುತ್ತಾ, ಪಿಟೀಲು ಅದಕ್ಕೆ ಪ್ರತಿಯಾಗಿ ತನ್ನದೇ ಆವರ್ತ ನುಡಿಸುತ್ತಿದ್ದರೆ ಅದು ನೆರವಲ್. ಅದು ಅಂದಿನ ಕಲ್ಪನೆ, ಕೃತಿಯ ಪಾಠವಲ್ಲ. ಅದನ್ನು ಬಿಡಬಹುದು. ಕಲ್ಪನಾಸ್ವರದ ಭಾಗವನ್ನು ಮಾತ್ರ ಬಿಡದೆ ಗುರುತು ಹಾಕಿಡಿ, ಐದನೆಯ ಹಂತದಲ್ಲಿ ಅದೇ ಮುಖ್ಯ ಆಧಾರವಾಗುತ್ತದೆ.

## ಹಂತ 2: ಷಡ್ಜವನ್ನು ಸ್ಥಾಪಿಸುವುದು

ಷಡ್ಜವನ್ನು ಗಾಯನದಲ್ಲಿ ಹುಡುಕದೆ ತಂಬೂರಿಯಲ್ಲಿ ಹುಡುಕಿ. ಕೃತಿ ಶುರುವಾಗುವ ಮುನ್ನ, ಇಲ್ಲವೇ ಎರಡು ಕೃತಿಗಳ ನಡುವೆ, ತಂಬೂರಿಯಷ್ಟೇ ಕೇಳುವ ಕೆಲವು ಕ್ಷಣಗಳಾದರೂ ಸಿಗುತ್ತವೆ. ಆ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾ, ನಿಮ್ಮ ತಂಬೂರಿ ಆಪಿನ ಶ್ರುತಿಯನ್ನು ಅದರೊಳಗೆ ಕರಗುವವರೆಗೆ ಸರಿಪಡಿಸಿ. ಗಾಯಕರು ಸಾಮಾನ್ಯವಾಗಿ ಒಂದರಿಂದ ಎರಡು ಕಟ್ಟೆಯ ಸುತ್ತ, ಗಾಯಕಿಯರು ಐದರಿಂದ ಆರು ಕಟ್ಟೆಯ ಸುತ್ತ ಹಾಡುತ್ತಾರೆ ಎಂಬುದು ಹುಡುಕಾಟವನ್ನು ಕಿರಿದಾಗಿಸುತ್ತದೆ.

ಕಟ್ಟೆಯ ಲೆಕ್ಕಕ್ಕೆ ನಾದ ಸರಿಯಾಗಿ ಕೂರಲೇಬೇಕೆಂದಿಲ್ಲ. ಐದೂವರೆ ಕಟ್ಟೆಯ ಮಧ್ಯಸ್ಥಾಯಿ ಷಡ್ಜ ಸುಮಾರು 207.7 ಹರ್ಟ್ಸ್. ವಿಡಿಯೊದಲ್ಲಿ ಅದು 206 ಆಗಿ ಸಿಕ್ಕರೆ ಆ 206ನ್ನೇ ಷಡ್ಜವೆಂದು ತೆಗೆದುಕೊಳ್ಳಬೇಕು. ಹಳೆಯ ಟೇಪಿನಿಂದ ಇಳಿಸಿದ ಕಛೇರಿಗಳಲ್ಲಿ ಟೇಪಿನ ವೇಗ ತುಸು ಹೆಚ್ಚು ಕಡಿಮೆಯಾಗಿ ಶ್ರುತಿಯೇ ಸರಿದಿರುತ್ತದೆ, ಕೆಲವೊಮ್ಮೆ ಮೊದಲಿಗೂ ಕೊನೆಗೂ ವ್ಯತ್ಯಾಸವಿರುತ್ತದೆ. ಹಾಗಾಗಿ ಬರೆಯಲಿರುವ ಕೃತಿಯ ಹತ್ತಿರದ ತಂಬೂರಿಯನ್ನೇ ಅಳೆಯಿರಿ.

ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಪಂಚಮವನ್ನು ಷಡ್ಜವೆಂದು ಹಿಡಿಯುವುದು. ಇದರ ಅಪಾಯ ಹೆಚ್ಚು, ಏಕೆಂದರೆ ತಪ್ಪಿದರೂ ಎಲ್ಲವೂ ಒಂದು ರಾಗದಂತೆಯೇ ಕಾಣುತ್ತದೆ: ಖರಹರಪ್ರಿಯದ ಪಂಚಮವನ್ನು ಷಡ್ಜ ಮಾಡಿಕೊಂಡು ಬರೆದರೆ ಸ್ವರಸ್ಥಾನಗಳು ಅಚ್ಚುಕಟ್ಟಾಗಿ ನಠಭೈರವಿಗೆ ಹೊಂದುತ್ತವೆ. ಪತ್ತೆ ಹಚ್ಚುವ ದಾರಿ ಹೀಗಿದೆ. ನೀವು ಷಡ್ಜವೆಂದುಕೊಂಡ ನಾದದ ಒಂದೂವರೆ ಪಟ್ಟು ಎತ್ತರದಲ್ಲಿ ತಂಬೂರಿಯ ಇನ್ನೊಂದು ತಂತಿ ಕೇಳಿದರೆ ನಿಮ್ಮ ಷಡ್ಜ ಸರಿ. ಅದರ ಬದಲು ಒಂದೂ ಮೂರನೇ ಒಂದು ಪಟ್ಟು ಎತ್ತರದಲ್ಲಿ, ಅಂದರೆ ಶುದ್ಧ ಮಧ್ಯಮದ ಜಾಗದಲ್ಲಿ, ತಂತಿ ಸದಾ ಮಿಡಿಯುತ್ತಿದ್ದರೆ ಆ ಮೇಲಿನ ನಾದವೇ ಷಡ್ಜ. ಪುನ್ನಾಗವರಾಳಿ, ಕುರಂಜಿ, ನಾದನಾಮಕ್ರಿಯೆಯಂಥ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವಾಗಲೂ ಇದೇ ನಿಯಮ ನಡೆಯುತ್ತದೆ: ಹಾಡುವವರು ಮಧ್ಯಮವನ್ನೇ ಷಡ್ಜವಾಗಿ ಇಟ್ಟುಕೊಳ್ಳುತ್ತಾರೆ.

## ಹಂತ 3: ತಾಳದ ಚೌಕಟ್ಟು ಮತ್ತು ಎಡುಪು

ವಿಡಿಯೊದ ನಿಜವಾದ ಪ್ರಯೋಜನ ಇಲ್ಲಿದೆ, ಹಾಡುವವರ ಕೈ ಕಾಣುತ್ತದೆ. ಆದಿತಾಳವಾದರೆ ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಪ್ರತಿ ಕ್ರಿಯೆಯನ್ನೂ ಎರಡೆರಡು ಬಾರಿ ಹಾಕುತ್ತಿದ್ದರೆ ಅದು ಎರಡು ಕಳೆ. ಇದನ್ನು ಗಮನಿಸದೆ ಹೋದರೆ ನಿಮ್ಮ ಒಂದು ಸಾಲು ಎರಡು ಸಾಲಾಗುತ್ತದೆ, ಇಲ್ಲವೇ ಎರಡು ಸಾಲು ಒಂದಾಗಿ ಕುಗ್ಗುತ್ತದೆ.

ಕೈಯನ್ನು ನೋಡಿ ತಾಳವನ್ನು ತಿಳಿಯಿರಿ, ಆದರೆ ಎಡುಪಿನ, ಅಂದರೆ ಸಾಹಿತ್ಯ ತಾಳದ ಯಾವ ಜಾಗದಿಂದ ಹೊರಡುತ್ತದೆ ಎಂಬುದರ, ಸೂಕ್ಷ್ಮವನ್ನು ಕೈ ನೋಡಿ ನಿರ್ಧರಿಸಬೇಡಿ. ಅನೇಕ ವಿಡಿಯೊಗಳಲ್ಲಿ ಚಿತ್ರಕ್ಕೂ ಧ್ವನಿಗೂ ಚೂರು ಅಂತರವಿರುತ್ತದೆ, ಅರ್ಧ ಅಕ್ಷರದ ಎಡುಪನ್ನು ಸಮದ ಎಡುಪೆಂದು ತಪ್ಪು ತಿಳಿಯಲು ಅಷ್ಟೇ ಸಾಕು. ಮೃದಂಗ ಆವರ್ತ ಮುಗಿಸಿ ಸಮಕ್ಕೆ ಬಂದು ಬೀಳುವ ಪೆಟ್ಟನ್ನು ಕಿವಿಯಲ್ಲಿ ಹಿಡಿಯಿರಿ. ಆಡಾಸಿಟಿಯಲ್ಲಿ ಧ್ವನಿ ಓಡುತ್ತಿರುವಾಗ ಪ್ರತಿ ಸಮಕ್ಕೂ `Ctrl+M` ಒತ್ತಿ `Enter` ಹಾಕುತ್ತಾ ಹೋದರೆ ಅಲ್ಲಲ್ಲಿ ಗುರುತು ಬೀಳುತ್ತದೆ. ಎರಡು ಗುರುತುಗಳ ನಡುವಿನ ಅಂತರ ಹೆಚ್ಚು ಕಡಿಮೆ ಸಮನಾಗಿದ್ದರೆ ತಾಳ ಸಿಕ್ಕಿತು. ಎಲ್ಲೋ ಒಂದು ಕಡೆ ಅಂತರ ಒಂದೂವರೆಯಷ್ಟಾದರೆ ಅಲ್ಲಿ ನೀವು ಎಣಿಕೆ ತಪ್ಪಿದ್ದೀರಿ.

ಈಗ ಹಾಳೆಯಲ್ಲಿ ಖಾಲಿ ಮನೆಗಳನ್ನು ಹಾಕಿ. ಒಂದು ಕಳೆಯ ಆದಿತಾಳಕ್ಕೆ ಎಂಟು ಅಕ್ಷರಕಾಲ, ಪ್ರತಿಯೊಂದಕ್ಕೂ ನಾಲ್ಕು ಮನೆ, ಒಟ್ಟು 32. ಲಘು ಮುಗಿಯುವಲ್ಲಿ ಒಂದು ಗೆರೆ, ಮೊದಲ ದ್ರುತ ಮುಗಿಯುವಲ್ಲಿ ಇನ್ನೊಂದು ಗೆರೆ, ಆವರ್ತದ ಕೊನೆಗೆ ಜೋಡಿ ಗೆರೆ. ಎಡುಪು ಸಮದಿಂದ ಅರ್ಧ ಅಕ್ಷರ ತಡವಾಗಿದ್ದರೆ ಮೊದಲ ಎರಡು ಮನೆಗಳನ್ನು ಖಾಲಿ ಬಿಡಬೇಕು.

## ಹಂತ 4: ಸಾಹಿತ್ಯವನ್ನು ಮನೆಗಳಲ್ಲಿ ಕೂರಿಸುವುದು

ಸ್ವರಕ್ಕಿಂತ ಮೊದಲು ಸಾಹಿತ್ಯವನ್ನು ಬರೆಯಲು ಕಾರಣವಿದೆ. ವ್ಯಂಜನ ಹುಟ್ಟುವ ಕ್ಷಣ ಕಿವಿಗೆ ಖಚಿತವಾಗಿ ಸಿಗುತ್ತದೆ, ಸ್ವರ ಬದಲಾಗುವ ಕ್ಷಣ ಹಾಗೆ ಸಿಗುವುದಿಲ್ಲ. ಸಾಹಿತ್ಯದ ಅಕ್ಷರಗಳು ತಮ್ಮ ಮನೆಗಳಲ್ಲಿ ಕುಳಿತ ಮೇಲೆ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಇದೆಯೋ ಅಷ್ಟರಲ್ಲೇ ಸ್ವರಗಳು ಹಿಡಿಯಬೇಕು. ತಪ್ಪು ಅಲ್ಲಿಂದಾಚೆ ಹರಡುವುದಿಲ್ಲ.

ತೋರಿಸಲೆಂದೇ ಹೊಂದಿಸಿದ ಒಂದು ಸಾಲನ್ನು ಇಲ್ಲಿ ಇಟ್ಟುಕೊಳ್ಳೋಣ. ಇದು ಯಾವ ವಾಗ್ಗೇಯಕಾರರ ಕೃತಿಯೂ ಅಲ್ಲ. ರಾಗ ಖರಹರಪ್ರಿಯ, ಆದಿತಾಳ ಒಂದು ಕಳೆ, ಎಡುಪು ಅರ್ಧ ಅಕ್ಷರದ ನಂತರ, ಸಾಹಿತ್ಯ 'ಕಾಯೋ ದೇವನೆ ನೀ ಎನ್ನ'. ಕೇಳಿ ಕೂರಿಸಿದಾಗ 'ಕಾ' ಎರಡು ಮನೆ, 'ಯೋ' ನಾಲ್ಕು, 'ದೇ' ನಾಲ್ಕು, 'ವ' ಮತ್ತು 'ನೆ' ಎರಡೆರಡು, 'ನೀ' ನಾಲ್ಕು, 'ಎನ್' ನಾಲ್ಕು, ಕೊನೆಯ 'ನ' ಎಂಟು ಮನೆ ಹಿಡಿಯುತ್ತವೆ. ಇವೆಲ್ಲ ಸೇರಿ 30, ಮೊದಲಲ್ಲಿ ಖಾಲಿ ಬಿಟ್ಟದ್ದು 2, ಒಟ್ಟು 32. ಮೊತ್ತ 31 ಅಥವಾ 33 ಬಂದರೆ ಸ್ವರಕ್ಕೆ ಹೋಗದೆ ಇಲ್ಲಿಯೇ ಸರಿಪಡಿಸಿಕೊಳ್ಳಬೇಕು.

ಚುರುಕಾದ ಜಾಗಗಳನ್ನು ನಿಧಾನವಾಗಿ ಕೇಳಲು ಆಡಾಸಿಟಿಯ `Change Tempo` ಬಳಸಿ. ಅದು ಶ್ರುತಿಯನ್ನು ಮುಟ್ಟದೆ ವೇಗವನ್ನಷ್ಟೇ ಇಳಿಸುತ್ತದೆ. ಬಹಳ ಜನ ತಿಳಿಯದೆ ಒತ್ತುವ ಇನ್ನೊಂದು ಆಯ್ಕೆ ವೇಗದ ಜೊತೆಗೆ ಶ್ರುತಿಯನ್ನೂ ಇಳಿಸುತ್ತದೆ. ಮುಕ್ಕಾಲು ವೇಗಕ್ಕೆ ಇಳಿಸಿದಾಗ ಷಡ್ಜ ಹೋಗಿ ಮಂದ್ರ ಪಂಚಮದ ಮೇಲೆ ಕೂತರೆ ನೀವು ಒತ್ತಿದ್ದು ಅದನ್ನೇ. ಅರ್ಧಕ್ಕಿಂತ ಕೆಳಗೆ ವೇಗ ಇಳಿಸಬೇಡಿ, ಗಮಕ ಕರಗಿ ಅಳುವ ಧ್ವನಿಯಂತಾಗಿ ಯಾವ ಸ್ವರವೆಂದು ಗುರುತೇ ಸಿಗುವುದಿಲ್ಲ.

## ಹಂತ 5: ಸ್ವರಗಳನ್ನು ಹೆಸರಿಸುವುದು

ಮೊದಲು ಅಲುಗಾಡದೆ ನಿಲ್ಲುವ ಜಾಗಗಳನ್ನು ಮಾತ್ರ ತುಂಬಿ. ನಮ್ಮ ಸಾಲಿನಲ್ಲಿ 'ನೀ' ಪಂಚಮದ ಮೇಲೆ ನಿಲ್ಲುತ್ತದೆ, 'ಕಾ' ಕೂಡ ಪಂಚಮವೇ. ತಂಬೂರಿಯೊಂದಿಗೆ ಬೆರೆತು ಹೋಗುವುದರಿಂದ ಇವನ್ನು ಗುರುತಿಸಲು ಯಂತ್ರ ಬೇಕಿಲ್ಲ. ಕೊನೆಯ 'ನ' ರಿಷಭಕ್ಕೆ ಬಂದು ನಿಲ್ಲುತ್ತದೆ, ಷಡ್ಜ ಹಾಡಿಕೊಂಡು ಒಂದು ಮೆಟ್ಟಿಲು ಏರಿದರೆ ಸಿಗುತ್ತದೆ. ಹೀಗೆ ಮೂರು ಜಾಗ ನಿಂತ ಮೇಲೆ ನಡುವಿನದು ಅಷ್ಟೇನೂ ಕಗ್ಗಂಟಾಗಿ ಉಳಿಯುವುದಿಲ್ಲ.

'ದೇ' ಎಂಬಲ್ಲಿ ಕಷ್ಟ ಬರುತ್ತದೆ. ಸಾನಿಕ್ ವಿಶುವಲೈಸರಿನಲ್ಲಿ ಆ ತುಣುಕನ್ನು ತೆರೆದು `Add Melodic Range Spectrogram` ಪದರವನ್ನು ಹಾಕಿದರೆ ನಾದದ ಗೆರೆ ಕಾಣುತ್ತದೆ. ಷಡ್ಜ 206 ಹರ್ಟ್ಸ್ ಆದ್ದರಿಂದ ಚತುಶ್ರುತಿ ರಿಷಭ ಸುಮಾರು 232, ಸಾಧಾರಣ ಗಾಂಧಾರ ಸುಮಾರು 247, ಶುದ್ಧ ಮಧ್ಯಮ ಸುಮಾರು 275, ಪಂಚಮ 309. ಗೆರೆ 247ರಲ್ಲಿ ನಿಂತಿರುತ್ತದೆ ಎಂದು ನಿರೀಕ್ಷಿಸಿದವರಿಗೆ ಅಲ್ಲಿ ಕಾಣುವುದು ಬೇರೆಯೇ: 275ರ ಆಸುಪಾಸಿನಿಂದ 232ರ ಕಡೆಗೆ ಜಾರಿ, ಮತ್ತೆ ಮೇಲೇರಿ, ಮತ್ತೆ ಜಾರುವ ಅಲೆ. 247ನ್ನು ಅದು ದಾಟಿ ಹೋಗುತ್ತದೆಯೇ ಹೊರತು ಅಲ್ಲಿ ತಂಗುವುದಿಲ್ಲ. ಯಂತ್ರವನ್ನು ನಂಬಿದವರು 'ಮ ರಿ ಮ ರಿ' ಎಂದು ಬರೆಯುವುದು ಇಲ್ಲಿಯೇ.

ಆಗ ಮೊದಲ ಹಂತದಲ್ಲಿ ಗುರುತಿಸಿಟ್ಟ ಕಲ್ಪನಾಸ್ವರಕ್ಕೆ ಹೋಗಿ. ಅದೇ ಗಾಯಕರು, ಅದೇ ಶ್ರುತಿಯಲ್ಲಿ, ಅದೇ ರಾಗದಲ್ಲಿ 'ಪಾ ಮ ಗಾ ರಿ' ಎಂದು ಬಾಯಿಬಿಟ್ಟು ಹೇಳುವ ಒಂದು ಜಾಗವನ್ನು ಹುಡುಕಿ, ಆ 'ಗಾ' ಎಂಬ ಉಚ್ಚಾರದ ಕೆಳಗಿನ ಗೆರೆಯನ್ನು ನೋಡಿ. 'ದೇ' ಎಂಬಲ್ಲಿ ಕಂಡ ಅದೇ ಅಲೆ ಅಲ್ಲಿಯೂ ಇರುತ್ತದೆ. ಗಾಯಕರೇ ಅದನ್ನು ಗಾಂಧಾರವೆಂದು ಕರೆದ ಮೇಲೆ ಸಂಶಯಕ್ಕೆ ಎಡೆಯಿಲ್ಲ, 'ದೇ' ನಾಲ್ಕು ಮನೆಯ ಒಂದೇ ಗಾಂಧಾರ. ಅಲೆಯಲ್ಲಿ ಸೋಕುವ ಮಧ್ಯಮ, ರಿಷಭಗಳು ಅನುಸ್ವರಗಳು, ಅವಕ್ಕೆ ಸ್ವಂತ ಮನೆಯಿಲ್ಲ. ಆ ಕೃತಿಗೆ ಕಲ್ಪನಾಸ್ವರ ಹಾಡಿರದಿದ್ದರೆ ಕೃತಿಯಲ್ಲಿ ಚಿಟ್ಟೆಸ್ವರ ಇದೆಯೇ ನೋಡಿ, ಅದೂ ಇಲ್ಲದಿದ್ದರೆ ಅದೇ ಗಾಯಕರು ಅದೇ ರಾಗದಲ್ಲಿ ಸ್ವರ ಹಾಕಿದ ಬೇರೆ ಕಛೇರಿಯನ್ನು ತೆಗೆದುಕೊಳ್ಳಿ.

ಇದು ಖರಹರಪ್ರಿಯಕ್ಕಷ್ಟೇ ಸೀಮಿತವಲ್ಲ. ತೋಡಿಯ ಗಾಂಧಾರ ರಿಷಭ ಮಧ್ಯಮಗಳ ನಡುವೆ ತೂಗುತ್ತದೆ, ಶಂಕರಾಭರಣದ ಮಧ್ಯಮ ಗಾಂಧಾರ ಪಂಚಮಗಳನ್ನು ಸೋಕುತ್ತದೆ. ಪ್ರತಿ ರಾಗಕ್ಕೂ ಹೀಗೆ ಅಲುಗುವ ಸ್ವರ ಯಾವುದು, ನಿಲ್ಲುವ ಸ್ವರ ಯಾವುದು ಎಂದು ಒಂದು ಚೀಟಿ ಮಾಡಿ ಎದುರಿಗಿಟ್ಟುಕೊಂಡರೆ ಬರೆಯುವ ಕೆಲಸ ಹಗುರವಾಗುತ್ತದೆ. ಮೋಹನ, ಹಂಸಧ್ವನಿಗಳಲ್ಲಿ ಗಾಂಧಾರ ನಿಂತು ಕೇಳುವುದರಿಂದ ಹೊಸಬರು ಇಂಥ ರಾಗಗಳಿಂದ ಶುರುಮಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ತೋಡಿಯನ್ನು ಆಮೇಲೆ ನೋಡಿಕೊಳ್ಳಬಹುದು.

ಹಾಗಾದರೆ ನಿಜವಾದ ಮಧ್ಯಮವನ್ನು ಅನುಸ್ವರದ ಮಧ್ಯಮದಿಂದ ಬೇರ್ಪಡಿಸುವುದು ಹೇಗೆ? ನಮ್ಮ ಸಾಲಿನ 'ಎನ್' ಎಂಬಲ್ಲಿ ನಾಲ್ಕು ಮನೆಗಳಿವೆ. ಅಲ್ಲಿ ಗೆರೆ ಮಧ್ಯಮದ ಹತ್ತಿರ ಎರಡು ಮನೆಗಳಷ್ಟು ಹೊತ್ತು ಇದ್ದು, ಮುಂದಿನ ಎರಡು ಮನೆಗಳಲ್ಲಿ ಗಾಂಧಾರದ ಆ ಪರಿಚಿತ ಅಲೆಯನ್ನು ಹಾಕಿ ರಿಷಭಕ್ಕೆ ಇಳಿಯುತ್ತದೆ. 'ದೇ' ಎಂಬಲ್ಲಿ ಮಧ್ಯಮವನ್ನು ಮುಟ್ಟಿದ್ದು ಒಂದು ಮನೆಯಷ್ಟೂ ಅಲ್ಲ, ಬರಿಯ ಸೋಕು. ಹೀಗೆ ತಾಳದ ಒಂದು ಇಡೀ ಮನೆಯನ್ನು ಹಿಡಿದು ನಿಂತದ್ದು ಸ್ವರ, ಮನೆಯೊಳಗೇ ಬಂದು ಹೋದದ್ದು ಬಹುಮಟ್ಟಿಗೆ ಅನುಸ್ವರ. ದುರಿತಕಾಲದ ಜಾರುಗಳಲ್ಲಿ ಈ ಅಳತೆ ಕೈಕೊಡುವುದುಂಟು. ಅಲ್ಲಿ ಮುಂದಿನ ಹಂತದ ಹಾಡಿ ನೋಡುವ ಪರೀಕ್ಷೆಯೇ ತೀರ್ಪು ಕೊಡಬೇಕು.

ಪೂರ್ತಿ ತುಂಬಿದ ಸಾಲು ಹೀಗಾಗುತ್ತದೆ. ಅಲ್ಪವಿರಾಮ ಒಂದು ಮನೆಯ ಎಳೆತ, ಸಾಹಿತ್ಯದ ಸಾಲಿನ ಚುಕ್ಕೆ ಅದರ ಮುಂದುವರಿಕೆ.

```
, , ಪ ,   ದ , ಪ ಮ   ಗ , , ,   ರಿ , ಗ ಮ  |
. . ಕಾ .  ಯೋ . . .  ದೇ . . .  ವ . ನೆ .  |

ಪ , , ,   ಮ , ಗ ,  |  ರಿ , , ,   , , , ,  ||
ನೀ . . .  ಎನ್ . . .  |  ನ . . .   . . . .  ||
```

'ಯೋ' ಎಂಬಲ್ಲಿ ಧೈವತದ ನಂತರ ಒಂದೊಂದು ಮನೆಯ ಪಂಚಮ ಮಧ್ಯಮಗಳು ಗಾಂಧಾರಕ್ಕೆ ಇಳಿಸುತ್ತವೆ. ಇದನ್ನು 'ದ , , ಮ' ಎಂದು ಕೇಳಿಸಿಕೊಳ್ಳುವುದು ಸುಲಭ, ಏಕೆಂದರೆ ಚಿಕ್ಕ ಪಂಚಮ ತಂಬೂರಿಯ ಪಂಚಮದಲ್ಲಿ ಮುಳುಗಿಹೋಗುತ್ತದೆ. ಗೆರೆ 343ರಿಂದ 275ಕ್ಕೆ ಒಂದೇ ಜಾರಿನಲ್ಲಿ ಹೋಯಿತೋ ಅಥವಾ ನಡುವೆ 309ರಲ್ಲಿ ಮೆಟ್ಟಿಲಿನಂತೆ ತಡೆಯಿತೋ ಎಂದು ನೋಡಿದರೆ ಉತ್ತರ ಸಿಗುತ್ತದೆ. ಯಂತ್ರ ನಿಜವಾಗಿ ಸಹಾಯಕ್ಕೆ ಬರುವುದು ಇಂಥ ಜಾಗಗಳಲ್ಲಿ.

## ಪಿಟೀಲು ಮತ್ತು ಮೃದಂಗ ತರುವ ಗೊಂದಲಗಳು

ಪಿಟೀಲು ಗಾಯನವನ್ನು ಕೂದಲೆಳೆಯಷ್ಟು ಹಿಂದೆ ಬಿದ್ದು ಹಿಂಬಾಲಿಸುತ್ತದೆ. ನಿಧಾನಗೊಳಿಸಿ ಕೇಳುವಾಗ ಈ ಅಂತರವೂ ಹಿಗ್ಗಿ, ಒಂದೇ ಸ್ವರ ಎರಡು ಬಾರಿ ಬಂದಂತೆ ಕೇಳಿಸುತ್ತದೆ. ಅನುಮಾನ ಬಂದರೆ ಸಾಹಿತ್ಯದ ವ್ಯಂಜನ ಯಾವ ಕ್ಷಣದಲ್ಲಿತ್ತು ಎಂದು ನೋಡಿ, ಸ್ವರವನ್ನು ಅದಕ್ಕೆ ಕಟ್ಟಿಹಾಕಿ. ಗಾಯಕರು ದೀರ್ಘವಾಗಿ ನಿಲ್ಲುವಲ್ಲಿ, ನಮ್ಮ ಸಾಲಿನ ಕೊನೆಯ ಎಂಟು ಮನೆಗಳಂಥ ಕಡೆ, ಪಿಟೀಲು ತನ್ನದೊಂದು ಸಣ್ಣ ಸಂಚಾರವನ್ನು ತುಂಬಬಹುದು. ಅದನ್ನು ಕೃತಿಯ ಸ್ವರವೆಂದು ಬರೆಯಬಾರದು. ಸಂಗತಿ, ಅಂದರೆ ಒಂದೇ ಸಾಲನ್ನು ಬದಲಿಸಿ ಹಾಡುವ ಆ ಬಗೆ, ಮರುಕಳಿಸಿದಾಗ ಆ ಸಂಚಾರ ಇಲ್ಲವಾದರೆ ಅದು ಪಿಟೀಲಿನದೇ.

ಮೃದಂಗದ ಎಡಗಡೆಯ ಗುಂಕಾರ ಕೆಳಗಿನ ನಾದವನ್ನು ಮುಚ್ಚುತ್ತದೆ. ಆಡಾಸಿಟಿಯ `High-Pass Filter` ಹಾಕಿ ಇದನ್ನು ತಗ್ಗಿಸಬಹುದು, ಆದರೆ ಎಷ್ಟು ಎಂಬುದಕ್ಕೆ ಹಾಡುವವರ ಮಂದ್ರ ಪಂಚಮವೇ ಮಿತಿ. ಷಡ್ಜ 206 ಆದರೆ ಮಂದ್ರ ಪಂಚಮ ಸುಮಾರು 155, ಆಗ 120ರವರೆಗೆ ಕತ್ತರಿಸಬಹುದು. ಒಂದೂವರೆ ಕಟ್ಟೆಯ ಗಾಯಕರ ಮಂದ್ರ ಪಂಚಮ 104ರ ಹತ್ತಿರವಿರುವುದರಿಂದ ಅಲ್ಲಿ 80ನ್ನು ಮೀರಬಾರದು. ನಾದದ ಗೆರೆಯನ್ನು ತಾನಾಗಿ ಎಳೆದು ಕೊಡುವ ತಂತ್ರಾಂಶಗಳಲ್ಲಿ ಗೆರೆ ಇದ್ದಕ್ಕಿದ್ದಂತೆ ಸರಿಯಾಗಿ ಅರ್ಧಕ್ಕೆ ಅಥವಾ ಎರಡರಷ್ಟಕ್ಕೆ ಹಾರಿದರೆ ಅದು ಯಂತ್ರದ ತಪ್ಪು. ಗಾಯಕರು ಸ್ಥಾಯಿ ಬದಲಿಸಿದ್ದಾರೆಂದು ಬರೆಯುವ ಮುನ್ನ ಕಿವಿಗೊಟ್ಟು ಕೇಳಿ.

## ಹಂತ 6: ಹಾಡಿ ಪರೀಕ್ಷಿಸುವುದು

ಒಂದು ಆವರ್ತ ಬರೆದಾದ ಕೂಡಲೇ ವಿಡಿಯೊ ನಿಲ್ಲಿಸಿ, ತಂಬೂರಿ ಹಚ್ಚಿ, ತಾಳ ಹಾಕಿಕೊಂಡು ಹಾಳೆಯಲ್ಲಿರುವುದನ್ನು ಸ್ವರದ ಹೆಸರು ಹೇಳುತ್ತಲೇ ಹಾಡಿ. ರಾಗಕ್ಕೆ ಸಹಜವಾದ ಗಮಕದೊಂದಿಗೆ ಹಾಡಿದಾಗ ಕೃತಿಯ ಸಾಲು ತಾನಾಗಿ ಕೇಳಿಸಿದರೆ ಬರವಣಿಗೆ ಸರಿ. ಹೆಸರುಗಳು ಬಾಯಿಗೆ ಅಡ್ಡಬಂದು, ಒಂದು ಮನೆಯಲ್ಲಿ ಮೂರು ಸ್ವರ ಹೇಳಲು ನಾಲಿಗೆ ತಡವರಿಸಿದರೆ ನೀವು ಅನುಸ್ವರಗಳನ್ನು ಸ್ವರ ಮಾಡಿದ್ದೀರಿ. ಅದಕ್ಕೆ ತಿರುಗಾಗಿ, ಹಾಡಿದ್ದು ಬರಡಾಗಿ ಕೇಳಿ, ಮೂಲದಲ್ಲಿ ಇದ್ದ ಒಂದು ತಿರುವು ಕಾಣೆಯಾಗಿದ್ದರೆ ಎಲ್ಲೋ ನಿಜವಾದ ಸ್ವರವೊಂದನ್ನು ನುಂಗಿದ್ದೀರಿ.

ಬಳಿಕ ಸಾಹಿತ್ಯದೊಂದಿಗೆ, ವಿಡಿಯೊದ ಜೊತೆಗೇ ಹಾಡಿ. ನಿಮ್ಮ ಧ್ವನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳುವುದು ಉತ್ತಮ, ಹಾಡುತ್ತಿರುವಾಗ ಹಾಳೆಯನ್ನು ಬಿಟ್ಟು ನೆನಪಿನ ಹಾಡನ್ನು ಹಾಡಿಬಿಡುವುದು ಎಲ್ಲರಿಗೂ ಆಗುತ್ತದೆ. ಸಾಧ್ಯವಾದರೆ ಈ ಕೃತಿ ಗೊತ್ತಿಲ್ಲದ, ರಾಗ ಗೊತ್ತಿರುವ ಒಬ್ಬರ ಕೈಗೆ ಹಾಳೆ ಕೊಟ್ಟು ಹಾಡಿಸಿ. ಅವರ ಬಾಯಲ್ಲಿ ಬಂದದ್ದು ವಿಡಿಯೊದ ಸಾಲನ್ನು ಹೋಲಿದರೆ ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಇನ್ನೊಂದಿಲ್ಲ.

## ಹಂತ 7: ಸಂಗತಿಗಳು ಮತ್ತು ಅಚ್ಚಾದ ಪಾಠದೊಂದಿಗೆ ಹೋಲಿಕೆ

ಸಂಗತಿಗಳನ್ನು ಒಂದರ ಕೆಳಗೊಂದು, ಅದೇ ಮನೆಗಳ ಕೆಳಗೆ ಬರುವಂತೆ ಬರೆದು ಸಂಖ್ಯೆ ಕೊಡಿ. ಬಹುತೇಕ ಸಂಗತಿಗಳು ಹಿಂದಿನದರ ಒಂದು ಭಾಗವನ್ನಷ್ಟೇ ಬದಲಿಸುತ್ತವೆ, ಆದ್ದರಿಂದ ಬದಲಾದ ಮನೆಗಳನ್ನು ಮಾತ್ರ ಹೊಸದಾಗಿ ಕೇಳಿದರೆ ಸಾಕು. ಒಂದೇ ಸಂಗತಿಯನ್ನು ಗಾಯಕರು ಎರಡು ಬಾರಿ ಹಾಡಿದಾಗ ಸಣ್ಣ ವ್ಯತ್ಯಾಸ ಕಂಡರೆ ಅದನ್ನು ಹೊಸ ಸಂಗತಿಯೆಂದು ಎಣಿಸಬೇಡಿ. ಎರಡೂ ಬಾರಿ ಸಾಮಾನ್ಯವಾಗಿದ್ದುದನ್ನು ಮುಖ್ಯ ಸಾಲಿನಲ್ಲಿಟ್ಟು, ವ್ಯತ್ಯಾಸವನ್ನು ಅಂಚಿನಲ್ಲಿ ಬರೆಯಿರಿ.

ಪುಸ್ತಕದಲ್ಲಿ ಅಚ್ಚಾದ ಸ್ವರಲಿಪಿಯನ್ನು ತೆರೆಯಬೇಕಾದದ್ದು ಇಲ್ಲಿ, ಇದಕ್ಕಿಂತ ಮೊದಲಲ್ಲ. ಮೊದಲೇ ನೋಡಿದರೆ ಕಿವಿ ಪುಸ್ತಕದಲ್ಲಿರುವುದನ್ನೇ ಕೇಳತೊಡಗುತ್ತದೆ. ಹೋಲಿಸುವಾಗ ವ್ಯತ್ಯಾಸ ಕಂಡಲ್ಲೆಲ್ಲ ವಿಡಿಯೊಗೆ ಮರಳಿ ಕೇಳಿ. ಎಡುಪು, ತಾಳ, ರಾಗದಲ್ಲಿ ಇಲ್ಲದ ಸ್ವರ ಇವುಗಳಲ್ಲಿ ಭೇದವಿದ್ದರೆ ತಪ್ಪು ನಿಮ್ಮಲ್ಲಿರುವ ಸಾಧ್ಯತೆ ಹೆಚ್ಚು. ಸಂಗತಿಯ ನಡೆಯಲ್ಲಿ, ಸಾಲು ಮುಗಿಯುವ ರೀತಿಯಲ್ಲಿ ಭೇದವಿದ್ದರೆ ಅದು ಪಾಠಾಂತರವಿರಬಹುದು, ಗಾಯಕರ ಗುರುಪರಂಪರೆಯ ಪಾಠ ಪುಸ್ತಕದ ಪಾಠಕ್ಕಿಂತ ಬೇರೆಯಾಗಿರುವುದು ಸಾಮಾನ್ಯ. ನೀವು ಬರೆಯುತ್ತಿರುವುದು ಆ ದಿನ ಆ ಗಾಯಕರು ಹಾಡಿದ್ದನ್ನಾದ್ದರಿಂದ, ಪುಸ್ತಕಕ್ಕೆ ಹೊಂದಿಸಲೆಂದು ಅದನ್ನು ತಿದ್ದಬಾರದು.

ಶುದ್ಧಪ್ರತಿಯ ತಲೆಯಲ್ಲಿ ರಾಗ, ಅದರ ಆರೋಹಣ ಅವರೋಹಣ, ತಾಳ, ಕಳೆ, ಎಡುಪು, ಶ್ರುತಿ, ಹಾಡಿದವರ ಹೆಸರು, ವಿಡಿಯೊದಲ್ಲಿ ಕೃತಿ ಶುರುವಾಗುವ ಸಮಯ ಇಷ್ಟನ್ನು ಬರೆಯಿರಿ. ತಾರಸ್ಥಾಯಿಗೆ ಮೇಲೆ ಚುಕ್ಕೆ, ಮಂದ್ರಕ್ಕೆ ಕೆಳಗೆ ಚುಕ್ಕೆ ಎಂಬುದು ಕೈಬರಹದಲ್ಲಿ ನಡೆದುಬಂದ ರೂಢಿ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರದ ಮೇಲೆ ಚುಕ್ಕೆ ಸರಿಯಾಗಿ ಕೂರದಿದ್ದರೆ ಬೇರೆ ಗುರುತನ್ನು ಆರಿಸಿ, ಅದರ ಅರ್ಥವನ್ನೂ ತಲೆಯಲ್ಲಿಯೇ ತಿಳಿಸಿ. ಕಿವಿಗೆ ಕೊನೆಗೂ ಖಚಿತವಾಗದ ಮನೆಗಳಿಗೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ, ವಿಡಿಯೊದ ಸಮಯವನ್ನು ಬರೆದಿಡಿ, ಹಾಗಿದ್ದರೆ ಹಾಳೆ ಕೈಗೆ ಬಂದವರು ಆ ಜಾಗವನ್ನೇ ತೆರೆದು ಕೇಳಿ ತೀರ್ಮಾನಿಸಬಹುದು.